ಸಾನಿಕ್ ಬೂಮ್ ಯಾಕೆ ಬರುತ್ತದೆ, ವಿಮಾನದ ಆಕಾರ ಬದಲಿಸಿ ಅದನ್ನು ಮೆತ್ತಗೆ ಮಾಡಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಮೇ 20ರಂದು ಬೆಂಗಳೂರಿನಲ್ಲಿ ಕೇಳಿಸಿದ್ದು ಏನು?

ಅಂದು ಮಧ್ಯಾಹ್ನ ಒಂದೂಕಾಲು ದಾಟಿದ ಹೊತ್ತಿಗೆ ಊರಿನ ಎಷ್ಟೋ ಕಡೆ ಒಂದೇ ಒಂದು ದೊಡ್ಡ ಸದ್ದು ಕೇಳಿಸಿತು. ಕಿಟಕಿ ಬಾಗಿಲು ಅದುರಿದವು. ಭೂಕಂಪ ಅಂದುಕೊಂಡು ಜನ ಮನೆಯಿಂದ ಹೊರಗೆ ಬಂದರು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತನ್ನ ಭೂಕಂಪ ಮಾಪಕಗಳಲ್ಲಿ ಏನೂ ದಾಖಲಾಗಿಲ್ಲ ಎಂದು ಹೇಳಿತು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆಯ ವಿವರಣೆ ಬಂತು. ಅದು ವಾಯುಪಡೆಯ ಪರೀಕ್ಷಾ ವಿಮಾನ. ಊರಿನ ಹೊರಗೆ, ದೂರದ ನಿಗದಿತ ಆಕಾಶದಲ್ಲಿ ಹಾರುತ್ತಿತ್ತು. 36,000ದಿಂದ 40,000 ಅಡಿ ಎತ್ತರದಲ್ಲಿ ಶಬ್ದಕ್ಕಿಂತ ಹೆಚ್ಚಿನ ವೇಗದಿಂದ ಕಡಿಮೆ ವೇಗಕ್ಕೆ ಇಳಿಯುವಾಗ ಆ ಸದ್ದು ಹುಟ್ಟಿರಬೇಕು ಎಂದರು. ವಿಮಾನ 65ರಿಂದ 80 ಕಿ.ಮೀ. ದೂರದಲ್ಲಿದ್ದರೂ ಇಂಥ ಸದ್ದು ಕೇಳಬಹುದು ಎಂದೂ ಹೇಳಿದರು.

ಬಹಳ ಜನಕ್ಕೆ ಈ ವಿವರಣೆ ನಂಬಲು ಕಷ್ಟವಾಯಿತು. ಕಣ್ಣಿಗೆ ಕಾಣದಷ್ಟು ದೂರದ ವಿಮಾನ ಇಡೀ ಊರನ್ನು ಅದುರಿಸುವುದು ಹೇಗೆ? ವೇಗ ಇಳಿಸುವಾಗ ಸದ್ದು ಬರುವುದಾದರೂ ಯಾಕೆ? ಒಳ್ಳೆಯ ಪ್ರಶ್ನೆಗಳು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದಿಂದ ಬರುವ ಇಂಥ ಸದ್ದಿಗೆ ಸಾನಿಕ್ ಬೂಮ್ ಎನ್ನುತ್ತಾರೆ. ಅದು ವಿಮಾನದ ಹತ್ತಿರ ಒಂದು ರೂಪದಲ್ಲಿರುತ್ತದೆ, ನೆಲ ಮುಟ್ಟುವಾಗ ಇನ್ನೊಂದು ರೂಪದಲ್ಲಿರುತ್ತದೆ. ನಡುವಿನ ಹತ್ತಾರು ಕಿಲೋಮೀಟರ್ ದಾರಿಯಲ್ಲಿ ಅದಕ್ಕೆ ಏನಾಗುತ್ತದೆ ಅನ್ನುವುದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಶಬ್ದಕ್ಕಿಂತ ವೇಗವಾಗಿ ಹೋದರೆ ಗಾಳಿಗೆ ಏನಾಗುತ್ತದೆ?

ಯಾವ ವಿಮಾನವೇ ಆಗಲಿ, ಹಾರುವಾಗ ಗಾಳಿಯನ್ನು ಪಕ್ಕಕ್ಕೆ ತಳ್ಳಬೇಕು. ಈ ತಳ್ಳುವಿಕೆ ಒತ್ತಡದ ಸಣ್ಣ ಅಲೆಗಳಾಗಿ ಎಲ್ಲ ದಿಕ್ಕಿಗೂ ಹರಡುತ್ತದೆ. ಆ ಅಲೆಗಳು ಓಡುವುದು ಶಬ್ದದ ವೇಗದಲ್ಲಿ. ನಾವು ಕುಳಿತು ಹೋಗುವ ಸಾಮಾನ್ಯ ವಿಮಾನ ಅದಕ್ಕಿಂತ ನಿಧಾನ. ಹಾಗಾಗಿ ಅಲೆಗಳು ಮುಂದೆ ಓಡುತ್ತವೆ. ಮುಂದಿನ ಗಾಳಿಗೆ ಮೊದಲೇ ಸುದ್ದಿ ಸಿಗುತ್ತದೆ, ಅದು ನಿಧಾನವಾಗಿ ದಾರಿ ಬಿಡುತ್ತದೆ.

ವಿಮಾನ ಶಬ್ದಕ್ಕಿಂತ ವೇಗವಾದರೆ ತನ್ನ ಸುದ್ದಿಯನ್ನು ತಾನೇ ಹಿಂದೆ ಹಾಕುತ್ತದೆ. ಮುಂದಿನ ಗಾಳಿಗೆ ಏನೂ ಗೊತ್ತಿರುವುದಿಲ್ಲ. ವಿಮಾನ ಬಂದ ಮೇಲೆಯೇ ಅದು ಥಟ್ಟನೆ ಸರಿಯಬೇಕು. ಹಾಗೆ ಸರಿಯುವಾಗ ಒತ್ತಡ ಒಂದು ತೆಳ್ಳನೆಯ ಪದರದಲ್ಲಿ ಒಮ್ಮೆಗೇ ಜಿಗಿಯುತ್ತದೆ. ಅದೇ ಆಘಾತದ ಅಲೆ. ಕೆರೆಯಲ್ಲಿ ಮೋಟಾರು ದೋಣಿ ಜೋರಾಗಿ ಹೋದರೆ ಅದರ ಎರಡೂ ಪಕ್ಕ ಕವಲೊಡೆದ ಅಲೆ ಹಿಂಬಾಲಿಸುತ್ತದಲ್ಲ, ಹಾಗೇ ಇದು. ನೀರಿನ ಮೇಲೆ ಅದು ಎರಡು ಗೆರೆ. ಗಾಳಿಯಲ್ಲಿ ಸುತ್ತಲೂ ಹರಡುವುದರಿಂದ ಶಂಕುವಿನ ಆಕಾರ.

ದುರುಗಮುರುಗಿಯವರು ಬೀದಿಯಲ್ಲಿ ಚಾಟಿ ಬೀಸುವುದನ್ನು ಕೇಳಿದ್ದರೆ ನೀವು ಪುಟ್ಟ ಸಾನಿಕ್ ಬೂಮ್ ಕೇಳಿದ್ದೀರಿ. ಕೈ ಬೀಸಿದ ರಭಸ ಚಾಟಿಯ ಉದ್ದಕ್ಕೂ ಹರಿದು, ತೆಳ್ಳನೆಯ ತುದಿಗೆ ಬರುವಾಗ ಶಬ್ದದ ವೇಗವನ್ನು ಮೀರುತ್ತದೆ. ಆ "ಚಟಾರ್" ಅನ್ನುವುದು ಚಾಟಿ ಮೈಗೆ ಬಡಿದ ಸದ್ದಲ್ಲ, ಗಾಳಿಯದೇ ಸದ್ದು.

ಶಬ್ದದ ವೇಗ ದಾಟುವ ಕ್ಷಣದಲ್ಲಿ ಮಾತ್ರ ಬೂಮ್ ಬರುತ್ತದಾ?

ಇಲ್ಲ. ಇದು ಎಲ್ಲಕ್ಕಿಂತ ಜಾಸ್ತಿ ಹರಡಿರುವ ತಪ್ಪು ಕಲ್ಪನೆ. "ಶಬ್ದದ ಗೋಡೆ ಒಡೆಯುವುದು" ಎಂಬ ಮಾತಿನಿಂದ ಹುಟ್ಟಿದ್ದು. ವಿಮಾನ ಶಬ್ದಕ್ಕಿಂತ ವೇಗವಾಗಿ ಹಾರುವಷ್ಟು ಹೊತ್ತೂ ಆ ಶಂಕು ಅದರ ಜೊತೆಗೇ ಇರುತ್ತದೆ. ಶಂಕುವಿನ ಅಂಚು ನೆಲದ ಮೇಲೆ ಎಳೆದುಕೊಂಡು ಹೋಗುತ್ತದೆ. ಅದು ನಿಮ್ಮನ್ನು ದಾಟುವ ಕ್ಷಣದಲ್ಲಿ ನಿಮಗೆ ಬೂಮ್. ಇನ್ನೂ ಹತ್ತು ಕಿಲೋಮೀಟರ್ ಮುಂದಿರುವವರಿಗೆ ಕೆಲವು ಸೆಕೆಂಡು ತಡವಾಗಿ ಬೂಮ್. ವಿಮಾನ ಸಾವಿರ ಕಿಲೋಮೀಟರ್ ಹೀಗೆ ಹಾರಿದರೆ ಸಾವಿರ ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೊಂದು ಸಲ ಕೇಳುತ್ತದೆ. ಆ ಪಟ್ಟಿಯ ಅಗಲವೂ ಕಡಿಮೆಯಲ್ಲ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಮೈಲಿ ಅಗಲ ಎಂಬುದು ರೂಢಿಯ ಲೆಕ್ಕ. 50,000 ಅಡಿಯಲ್ಲಿ ಹಾರಿದರೆ 80 ಕಿ.ಮೀ. ಅಗಲವಾಯಿತು.

ಬೆಂಗಳೂರಿನ ವಿಷಯಕ್ಕೆ ಬಂದರೆ, ವಿಮಾನ ವೇಗ ಇಳಿಸಿದ್ದು ಸದ್ದಿಗೆ ಕಾರಣವಲ್ಲ. ಇಳಿಸುವ ಮೊದಲೇ ಹೊರಟಿದ್ದ ಅಲೆಗಳು ವಿಮಾನ ನಿಧಾನವಾಯಿತೆಂದು ನಿಲ್ಲುವುದಿಲ್ಲ. ಅವು ತಮ್ಮ ಪಾಡಿಗೆ ಮುಂದೆ ಓಡಿ ನೆಲಕ್ಕೆ ಬರುತ್ತವೆ.

ಪೈಲಟ್‌ಗೆ ಕೇಳುತ್ತದಾ?

ಇಲ್ಲ. ಶಂಕು ವಿಮಾನದ ಜೊತೆಗೇ ಸಾಗುತ್ತದೆ, ಒಳಗಿರುವವರನ್ನು ಎಂದೂ ದಾಟಿ ಹೋಗುವುದಿಲ್ಲ.

ಕೆಲವರು "ಢಂ-ಢಂ" ಎಂದು ಎರಡು ಸದ್ದು ಕೇಳಿದೆವು ಅನ್ನುತ್ತಾರೆ. ಯಾಕೆ?

ಈ ಪ್ರಶ್ನೆಯಲ್ಲೇ ಇಡೀ ವಿಷಯದ ಬೀಗದ ಕೈ ಇದೆ. ಸ್ವಲ್ಪ ನಿಧಾನವಾಗಿ ನೋಡೋಣ.

ವಿಮಾನದ ಹತ್ತಿರ ಒಂದೇ ಆಘಾತದ ಅಲೆ ಇರುವುದಿಲ್ಲ. ಮೂತಿಯಿಂದ ಒಂದು, ಪೈಲಟ್ ಕೂರುವ ಗಾಜಿನ ಗುಬುಟಿನಿಂದ ಒಂದು, ಇಂಜಿನ್ ಗಾಳಿ ಎಳೆಯುವ ಬಾಯಿಂದ ಒಂದು, ರೆಕ್ಕೆಯಿಂದ, ಬಾಲದಿಂದ. ಹೀಗೆ ಐದಾರು ಅಲೆಗಳು. ನಡುವೆ ಒತ್ತಡ ಇಳಿಯುವ ಜಾಗಗಳು. ಒಂದು ಕಾಗದದ ಮೇಲೆ ಬರೆದರೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಆದರೆ ನೆಲದಲ್ಲಿ ಮೈಕ್ರೋಫೋನ್ ಇಟ್ಟು ಅಳೆದರೆ ಎರಡೇ ಜಿಗಿತ ಸಿಗುತ್ತವೆ. ಮೊದಲು ಒತ್ತಡ ಥಟ್ಟನೆ ಏರುತ್ತದೆ. ಆಮೇಲೆ ನೇರ ಗೆರೆಯಲ್ಲಿ ಇಳಿಯುತ್ತಾ ಸಾಮಾನ್ಯ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಕೊನೆಗೆ ಮತ್ತೆ ಥಟ್ಟನೆ ಏರಿ ಮೊದಲಿನಂತಾಗುತ್ತದೆ. ಬರೆದರೆ ಇಂಗ್ಲಿಷಿನ N ಅಕ್ಷರದಂತೆ. ಅದಕ್ಕೇ ಇದಕ್ಕೆ ಎನ್-ಅಲೆ ಎಂದು ಹೆಸರು.

ಮಧ್ಯದ ಹಲ್ಲುಗಳೆಲ್ಲ ಎಲ್ಲಿ ಹೋದವು? ಎಲ್ಲ ಅಲೆಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ಒತ್ತಡ ಹೆಚ್ಚಿರುವ ಕಡೆ ಗಾಳಿ ತುಸು ಬಿಸಿ, ಮತ್ತು ಅಲೆಯ ದಿಕ್ಕಿಗೇ ತುಸು ಸರಿಯುತ್ತಿರುತ್ತದೆ. ಹಾಗಾಗಿ ಆ ಭಾಗ ಒಂದು ಕೂದಲೆಳೆಯಷ್ಟು ಬೇಗ ಓಡುತ್ತದೆ. ಒತ್ತಡ ಕಡಿಮೆ ಇರುವ ಭಾಗ ಅಷ್ಟೇ ನಿಧಾನ. ವ್ಯತ್ಯಾಸ ಬಹಳ ಸಣ್ಣದು, ಆದರೆ ದಾರಿ ಉದ್ದ. ಶಿರಾಡಿ ಘಾಟಿಯಲ್ಲಿ ಲಾರಿಯ ಹಿಂದೆ ಒಂದೊಂದೇ ಬಸ್ಸು, ಕಾರು ಬಂದು ಸೇರಿ ಸಾಲಾಗುತ್ತದಲ್ಲ, ಹಾಗೆ ಹೆಚ್ಚು ಒತ್ತಡದ ಅಲೆಗಳೆಲ್ಲ ಮುಂದಿನದನ್ನು ಹಿಡಿದು ಒಂದೇ ಜಿಗಿತವಾಗುತ್ತವೆ. ಹಿಂದೆ ಬಿದ್ದವು ಬಾಲದ ಅಲೆಯಲ್ಲಿ ಸೇರಿ ಇನ್ನೊಂದು ಜಿಗಿತವಾಗುತ್ತವೆ.

ಇದು ನಿಜಕ್ಕೂ ಹೀಗೇ ಆಗುತ್ತದೆ ಅನ್ನುವುದಕ್ಕೆ ಕಾಂಕಾರ್ಡ್ ಎಂಬ ಪ್ರಯಾಣಿಕ ವಿಮಾನದ ಲೆಕ್ಕ ನೋಡಿ. ಅದರ ಉದ್ದ ಸುಮಾರು 62 ಮೀಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 590 ಮೀಟರಿನಂತೆ ಹಾರುತ್ತಿತ್ತು. ಮೂತಿ ಒಂದು ಜಾಗ ದಾಟಿದ ಮೇಲೆ ಬಾಲ ದಾಟಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಆದರೆ ನೆಲದಲ್ಲಿ ಅದರ ಎನ್-ಅಲೆ ಕಾಲು ಸೆಕೆಂಡಿಗೂ ಹೆಚ್ಚು ಹೊತ್ತು ಇರುತ್ತಿತ್ತು. ಮುಂದಿನ ತುದಿ ಮುಂದಕ್ಕೆ, ಹಿಂದಿನ ತುದಿ ಹಿಂದಕ್ಕೆ ಎಳೆದುಕೊಂಡು ಅಲೆ ದಾರಿಯಲ್ಲೇ ಉದ್ದವಾಗಿದೆ.

ಎರಡು ಜಿಗಿತಕ್ಕೆ ಎರಡು ಸದ್ದು. ಕಾಂಕಾರ್ಡ್‌ನಂಥ ಉದ್ದ ವಿಮಾನವಾದರೆ ಕಿವಿಗೆ ಎರಡೂ ಬೇರೆಯಾಗಿ ಕೇಳುತ್ತವೆ. ಯುದ್ಧವಿಮಾನ ಚಿಕ್ಕದು. ಎರಡು ಜಿಗಿತದ ನಡುವೆ ಸುಮಾರು ಹತ್ತನೇ ಒಂದು ಸೆಕೆಂಡು ಮಾತ್ರ. ಬಹಳ ಸಲ ಅವು ಬೆರೆತು ಒಂದೇ ಸದ್ದಾಗಿ ಕೇಳುತ್ತವೆ.

ಆ ಒತ್ತಡ ನಿಜಕ್ಕೂ ಎಷ್ಟು? ಗಾಜು ಒಡೆಯುತ್ತದಾ?

ಕಾಂಕಾರ್ಡ್ 52,000 ಅಡಿಯಲ್ಲಿ ಹಾರುವಾಗ ನೆಲದಲ್ಲಿ ಸುಮಾರು 93 ಪ್ಯಾಸ್ಕಲ್ ಒತ್ತಡ ಹೆಚ್ಚಾಗುತ್ತಿತ್ತು. ನಮ್ಮ ಮೇಲೆ ಸದಾ ಇರುವ ಗಾಳಿಯ ಒತ್ತಡ ಒಂದು ಲಕ್ಷ ಪ್ಯಾಸ್ಕಲ್‌ನಷ್ಟು. ಅದರ ಸಾವಿರದಲ್ಲಿ ಒಂದು ಭಾಗ. ನೀವು ಮೆಟ್ಟಿಲು ಹತ್ತಿ ಎಂಟು ಮೀಟರ್ ಮೇಲೆ ಹೋದರೂ ಒತ್ತಡದಲ್ಲಿ ಇಷ್ಟೇ ವ್ಯತ್ಯಾಸ ಆಗುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ಬೂಮ್‌ನಲ್ಲಿ ಅದೇ ವ್ಯತ್ಯಾಸ ಒಂದು ಸೆಕೆಂಡಿನ ಕೆಲವೇ ಸಾವಿರದ ಭಾಗದಲ್ಲಿ ಆಗಿಬಿಡುತ್ತದೆ. ಕಿವಿಗೆ ಬಡಿಯುವುದು ಒತ್ತಡ ಎಷ್ಟು ಏರಿತು ಅನ್ನುವುದಕ್ಕಿಂತ ಎಷ್ಟು ಬೇಗ ಏರಿತು ಅನ್ನುವುದು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಾಜಿನ ವಿಷಯ: ಒಂದು ಚದರ ಮೀಟರ್ ಕಿಟಕಿಯ ಮೇಲೆ 93 ಪ್ಯಾಸ್ಕಲ್ ಅಂದರೆ ಒಂಬತ್ತು-ಹತ್ತು ಕಿಲೋ ಭಾರ ಕ್ಷಣಕಾಲ ಒರಗಿದಂತೆ. ಗಟ್ಟಿ ಗಾಜು ತಡೆಯುತ್ತದೆ. ಮೊದಲೇ ಬಿರುಕು ಬಿಟ್ಟದ್ದು, ಚೌಕಟ್ಟಿನಲ್ಲಿ ಸರಿಯಾಗಿ ಕೂರದೇ ಇರುವುದು ಒಡೆಯಬಹುದು.

ಹಾಗಾದರೆ ನೆಲದ ಮೇಲೆ ಸೂಪರ್‌ಸಾನಿಕ್, ಅಂದರೆ ಶಬ್ದಕ್ಕಿಂತ ವೇಗದ ಹಾರಾಟವನ್ನು ಯಾಕೆ ನಿಷೇಧಿಸಿದರು?

ಜನ ಸಹಿಸಲಿಲ್ಲ, ಅದಕ್ಕೆ. ಸಹಿಸುತ್ತಾರಾ ಎಂದು ಅಮೆರಿಕ ಪರೀಕ್ಷೆ ಮಾಡಿಯೇ ನೋಡಿತು. 1964ರ ಫೆಬ್ರವರಿಯಿಂದ ಆರು ತಿಂಗಳು ಒಕ್ಲಹೋಮಾ ಸಿಟಿಯ ಮೇಲೆ ಯುದ್ಧವಿಮಾನಗಳನ್ನು ದಿನಕ್ಕೆ ಎಂಟು ಸಲದವರೆಗೆ ಹಾರಿಸಿದರು. ಒಟ್ಟು 1,253 ಬೂಮ್. ಕೊನೆಗೆ ಕೇಳಿದಾಗ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ, ಶೇ. 27ರಷ್ಟು, ಇದರ ಜೊತೆ ಬದುಕಲು ಆಗುವುದಿಲ್ಲ ಎಂದರು. ಪರಿಹಾರ ಕೇಳಿ ಸಾವಿರಾರು ಅರ್ಜಿಗಳು ಬಂದವು. ಅದು ವಿಮಾನ ಉದ್ಯಮವನ್ನು ಇಷ್ಟಪಡುವ ಊರು. ಅಲ್ಲೇ ಹೀಗಾದರೆ ಬೇರೆ ಕಡೆ ಹೇಗೆ?

1973ರಲ್ಲಿ ಅಮೆರಿಕ ತನ್ನ ನೆಲದ ಮೇಲೆ ನಾಗರಿಕ ವಿಮಾನಗಳು ಶಬ್ದದ ವೇಗ ಮೀರಬಾರದು ಎಂದು ನಿಯಮ ತಂದಿತು. ಎಷ್ಟು ಸದ್ದಾಗುತ್ತದೆ ಎಂದು ಆ ನಿಯಮ ಕೇಳಲಿಲ್ಲ. ವೇಗವನ್ನೇ ತಡೆಯಿತು. ಕಾಂಕಾರ್ಡ್ ಹಾಗಾಗಿ ಸಮುದ್ರದ ಮೇಲಿನ ದಾರಿಗಳಿಗೆ ಸೀಮಿತವಾಯಿತು. ಲಂಡನ್‌ನಿಂದ ಬಹ್ರೇನ್ ಮೂಲಕ ಸಿಂಗಪುರಕ್ಕೆ ಹೋಗುತ್ತಿದ್ದ ಕಾಂಕಾರ್ಡ್ ಭಾರತದ ಆಕಾಶದಲ್ಲಿ ಶಬ್ದಕ್ಕಿಂತ ವೇಗವಾಗಿ ಹಾರಲು ಅನುಮತಿ ಸಿಗಲಿಲ್ಲ. ಆ ಮಾರ್ಗ 1980ರಲ್ಲಿ ನಿಂತೇ ಹೋಯಿತು.

2025ರ ಜೂನ್‌ನಲ್ಲಿ ಅಮೆರಿಕದ ಅಧ್ಯಕ್ಷರು ಈ ವೇಗದ ನಿಷೇಧವನ್ನು ತೆಗೆದು, ಅದರ ಬದಲು ಸದ್ದಿನ ಮಿತಿ ತರಬೇಕೆಂದು ವಿಮಾನಯಾನ ಇಲಾಖೆಗೆ ಆದೇಶ ಕೊಟ್ಟರು. ನನ್ನ ಮಟ್ಟಿಗೆ ಇದು ಸರಿಯಾದ ದಿಕ್ಕು. ಜನರಿಗೆ ತೊಂದರೆ ಕೊಡುವುದು ಸದ್ದು, ವೇಗವಲ್ಲ. ಆದರೆ ಮಿತಿ ಎಷ್ಟಿರಬೇಕು ಎಂದು ಹೇಳಬೇಕಾದವರು ಆ ಸದ್ದಿನ ಕೆಳಗೆ ಬದುಕುವವರು.

ಆಕಾರ ಬದಲಿಸದೆ, ಸುಮ್ನೆ ಸ್ವಲ್ಪ ನಿಧಾನವಾಗಿ ಹಾರಿದರೆ ಸಾಲದಾ?

ಒಂದು ಮಿತಿಯವರೆಗೆ ಸಾಕು, ಮತ್ತು ಇದು ಬಹಳ ಚೆಂದದ ಉಪಾಯ. ಶಬ್ದದ ವೇಗ ಗಾಳಿಯ ಬಿಸಿಯನ್ನು ಅವಲಂಬಿಸುತ್ತದೆ. ಮೇಲೆ 11 ಕಿ.ಮೀ. ಎತ್ತರದಲ್ಲಿ ಸುಮಾರು ಮೈನಸ್ 56 ಡಿಗ್ರಿ ಚಳಿ. ಅಲ್ಲಿ ಶಬ್ದ ಗಂಟೆಗೆ ಸುಮಾರು 1,060 ಕಿ.ಮೀ. ಓಡುತ್ತದೆ. ನೆಲದ ಹತ್ತಿರ 15 ಡಿಗ್ರಿ ಇದ್ದರೆ 1,225 ಕಿ.ಮೀ. ವಿಮಾನ ಈ ಎರಡರ ನಡುವೆ, ಉದಾಹರಣೆಗೆ 1,150 ಕಿ.ಮೀ. ವೇಗದಲ್ಲಿ ಹಾರಿದರೆ ಮೇಲೆ ಅದು ಸೂಪರ್‌ಸಾನಿಕ್. ಆಘಾತದ ಅಲೆ ಹುಟ್ಟುತ್ತದೆ. ಆದರೆ ಕೆಳಗೆ ಬರುತ್ತಾ ಬಿಸಿ ಗಾಳಿಯಲ್ಲಿ ಅಲೆಯ ಕೆಳಭಾಗ ಬೇಗ ಓಡಿ, ದಾರಿ ಬಾಗುತ್ತಾ ಹೋಗಿ, ಕೊನೆಗೆ ಮೇಲಕ್ಕೇ ತಿರುಗುತ್ತದೆ. ನೆಲ ಮುಟ್ಟುವುದೇ ಇಲ್ಲ.

2025ರ ಜನವರಿ 28ರಂದು ಬೂಮ್ ಸೂಪರ್‌ಸಾನಿಕ್ ಎಂಬ ಕಂಪನಿಯ ಎಕ್ಸ್‌ಬಿ-1 ವಿಮಾನ ಕ್ಯಾಲಿಫೋರ್ನಿಯಾದ ಮೊಹಾವೆಯಲ್ಲಿ ಮೂರು ಸಲ ಶಬ್ದದ ವೇಗ ದಾಟಿತು. ನೆಲದಲ್ಲಿ ಬೂಮ್ ಕೇಳಿಸಲಿಲ್ಲ ಎಂದು ಕಂಪನಿ ಹೇಳಿತು. ಕಾರಣ ಇದೇ.

ತೊಂದರೆ ಏನೆಂದರೆ ಅಂತರ ಬಹಳ ಕಿರಿದು. ಮೇಲಿನ ಲೆಕ್ಕದಲ್ಲಿ ಮ್ಯಾಕ್ 1.15, ಅಂದರೆ ಅಲ್ಲಿನ ಶಬ್ದದ ವೇಗದ 1.15 ಪಟ್ಟು ದಾಟಿದರೆ ಮುಗಿಯಿತು. ಗಾಳಿ ಬೀಸುವ ದಿಕ್ಕು, ಆ ದಿನದ ಬಿಸಿಲು ನೋಡಿಕೊಂಡು ಈ ಗಡಿ ಸ್ವಲ್ಪ ಆಚೀಚೆ ಆಗುತ್ತದೆ. ಅದಕ್ಕಿಂತ ವೇಗ ಬೇಕೆಂದರೆ ಅಲೆ ನೆಲಕ್ಕೆ ಬಂದೇ ಬರುತ್ತದೆ. ಆಗ ಉಳಿಯುವುದು ಆಕಾರದ ದಾರಿ.

ಆಕಾರ ಬದಲಿಸಿದರೆ ಸದ್ದು ಹೇಗೆ ಕಡಿಮೆಯಾಗುತ್ತದೆ?

ಘಾಟಿಯ ಸಾಲಿಗೆ ವಾಪಸ್ ಬನ್ನಿ. ಎಲ್ಲ ಗಾಡಿಗಳೂ ಒಂದನ್ನೊಂದು ಹಿಡಿದದ್ದಕ್ಕೆ ಸಾಲಾಯಿತು. ಹಿಡಿಯುವ ಮೊದಲೇ ಘಾಟಿ ಮುಗಿದುಬಿಟ್ಟರೆ? ಅದೇ ಯೋಚನೆ. ಅಲೆಗಳು ಪರಸ್ಪರ ಸೇರುವ ಮೊದಲೇ ನೆಲ ಮುಟ್ಟುವಂತೆ ಅವುಗಳ ಬಲ ಮತ್ತು ಅಂತರವನ್ನು ವಿಮಾನದಲ್ಲೇ ಹೊಂದಿಸಿ ಕಳಿಸಬೇಕು.

ಇದು ಸಾಧ್ಯವಾಗಲು ಪ್ರಕೃತಿಯದೂ ಒಂದು ಸಹಾಯವಿದೆ. ಮೇಲಿನಿಂದ ಕೆಳಗೆ ಬರುತ್ತಾ ಗಾಳಿ ದಟ್ಟವಾಗುತ್ತದೆ, ಅಲೆಯೂ ಹರಡಿ ಸುತ್ತಲಿನ ಗಾಳಿಗೆ ಹೋಲಿಸಿದರೆ ದುರ್ಬಲವಾಗುತ್ತದೆ. ಹಾಗಾಗಿ ಹಿಡಿಯುವ ಓಟ ದಾರಿಯ ಕೊನೆಗೆ ಬಹಳ ನಿಧಾನವಾಗುತ್ತದೆ. ಅಲೆಯ ರೂಪ ಪೂರ್ತಿ ಮಾಸದೆ ನೆಲದವರೆಗೆ ಉಳಿಯುವ ಅವಕಾಶವಿದೆ. 1960 ಮತ್ತು 70ರ ದಶಕಗಳಲ್ಲಿ ಸೀಬಾಸ್ ಮತ್ತು ಜಾರ್ಜ್ ಎಂಬ ವಿಜ್ಞಾನಿಗಳು ಇದರ ಗಣಿತ ಕಟ್ಟಿದರು. ನಾಸಾದ ಕ್ರಿಸ್ಟೀನ್ ಡಾರ್ಡನ್ ಅದನ್ನು ಮುಂದುವರಿಸಿ ಕಂಪ್ಯೂಟರ್ ಲೆಕ್ಕಕ್ಕೆ ಇಳಿಸಿದರು. ನಿಮಗೆ ನೆಲದಲ್ಲಿ ಯಾವ ರೂಪದ ಅಲೆ ಬೇಕೋ ಅದನ್ನು ಮೊದಲು ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ವಿಮಾನದ ಮೈ ಎಲ್ಲೆಲ್ಲಿ ಎಷ್ಟು ದಪ್ಪ ಇರಬೇಕು ಎಂದು ಕಂಡುಹಿಡಿಯುವ ವಿಧಾನ ಅದು.

ಇಲ್ಲಿ ಒಂದು ಅಚ್ಚರಿಯ ಫಲಿತಾಂಶ ಬಂತು. ಮೂತಿ ಸೂಜಿಯಂತೆ ಚೂಪಾಗಿದ್ದರೆ ಬೂಮ್ ಕಡಿಮೆ ಎಂದು ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಉಲ್ಟಾ ಹೇಳಿತು. ಮೂತಿ ಸ್ವಲ್ಪ ಮೊಂಡಾಗಿದ್ದರೆ ಅಲ್ಲಿಂದ ಒಂದು ಬಲವಾದ ಅಲೆ ಮೊದಲೇ ಹೊರಟು ಮುಂದೆ ಓಡುತ್ತದೆ. ಹಿಂದಿನವು ಅದನ್ನು ಹಿಡಿಯಲಾರವು. ನೆಲದಲ್ಲಿ ಸದ್ದು ಕಡಿಮೆ. ಆದರೆ ಮೊಂಡು ಮೂತಿಗೆ ಗಾಳಿಯ ತಡೆ ಜಾಸ್ತಿ, ಇಂಧನ ಜಾಸ್ತಿ. ಚೂಪು ಮೂತಿಗೆ ತಡೆ ಕಡಿಮೆ, ಬೂಮ್ ಜಾಸ್ತಿ. ಈ ಎಳೆದಾಟಕ್ಕೆ ಇಂದಿನ ವಿನ್ಯಾಸಕಾರರು ಕಂಡುಕೊಂಡ ಉತ್ತರ ಉದ್ದ. ಮೈಯನ್ನು ಬಹಳ ಉದ್ದ ಮಾಡಿ, ದಪ್ಪವನ್ನೂ ರೆಕ್ಕೆಯ ಎತ್ತುವ ಬಲವನ್ನೂ ನಿಧಾನವಾಗಿ, ಏರುಪೇರಿಲ್ಲದೆ ಹೆಚ್ಚಿಸುತ್ತಾ ಹೋಗುವುದು. ಆಗ ಒಂದು ದೊಡ್ಡ ಜಿಗಿತದ ಬದಲು ಹಲವು ಸಣ್ಣ ಮೆಟ್ಟಿಲುಗಳು. ಒತ್ತಡ ಏರಲು ಹೆಚ್ಚು ಹೊತ್ತು ಸಿಗುತ್ತದೆ. ಮೊದಲು ಹೇಳಿದ್ದೆನಲ್ಲ, ಕಿವಿಗೆ ಮುಖ್ಯ ಅದೇ.

ಇದು ಲೆಕ್ಕದಲ್ಲಿ ಮಾತ್ರವಾ, ಹಾರಿಸಿ ನೋಡಿದ್ದಾರಾ?

ನೋಡಿದ್ದಾರೆ. ಆದರೆ ಗಣಿತ ಬಂದು ಮೂವತ್ತು ವರ್ಷದ ಮೇಲೆ. ಅಷ್ಟು ಕಾಲ ಒಂದು ಸಂಶಯ ಉಳಿದಿತ್ತು. ಗಾಳಿ ಸುರಂಗದ ಪುಟ್ಟ ಮಾದರಿಯಲ್ಲಿ ಅಲೆಯನ್ನು ಮೈ ಹತ್ತಿರ ಮಾತ್ರ ಅಳೆಯಬಹುದು. ನಿಜವಾದ ಆಕಾಶದಲ್ಲಿ, ಹತ್ತು ಕಿಲೋಮೀಟರ್ ಗಾಳಿಯ ಕಲಕಾಟ ದಾಟಿ ಆ ರೂಪ ಉಳಿಯುತ್ತದೆ ಎಂದು ಯಾರು ಹೇಳಬಲ್ಲರು?

ಒಂದು ಎಫ್-5ಇ ಯುದ್ಧವಿಮಾನಕ್ಕೆ ಹೊಸ ಮೂತಿ ಕಟ್ಟಿದರು. ಕೆಳಭಾಗ ಹೆಜ್ಜಾರ್ಲೆ ಹಕ್ಕಿಯ ಗಂಟಲಚೀಲದಂತೆ ಉಬ್ಬಿತ್ತು. ನೋಡಲು ಚೆಂದವಿರಲಿಲ್ಲ, ಆದರೆ ಪ್ರತಿ ಉಬ್ಬೂ ಲೆಕ್ಕದ್ದು. 2003ರ ಆಗಸ್ಟ್ 27ರಂದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯ ಬಳಿ ಅದನ್ನು ಹಾರಿಸಿದರು. ಅದರ ಹಿಂದೆಯೇ ಒಂದು ನಿಮಿಷವೂ ಕಳೆಯುವ ಮೊದಲು ಸಾಮಾನ್ಯ ಎಫ್-5ಇ ಅದೇ ದಾರಿಯಲ್ಲಿ ಹಾರಿತು. ಈ ಜೋಡಿ ಹಾರಾಟ ನನಗೆ ಬಹಳ ಇಷ್ಟವಾದ ಭಾಗ. ಗಾಳಿ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಒಂದೇ ವಿಮಾನ ಹಾರಿಸಿ ಸದ್ದು ಕಡಿಮೆ ಬಂದರೆ ಅದು ಆಕಾರದಿಂದಲೋ ಆ ದಿನದ ಗಾಳಿಯಿಂದಲೋ ಹೇಳಲಾಗದು. ಒಂದೇ ಗಾಳಿಯಲ್ಲಿ ಎರಡೂ ಹಾರಿದರೆ ಉತ್ತರ ಸಿಕ್ಕಂತೆ. ಸಾಮಾನ್ಯ ವಿಮಾನ ಚೂಪು ಎನ್-ಅಲೆ ಕೊಟ್ಟಿತು. ಉಬ್ಬುಮೂತಿಯ ವಿಮಾನದ ಅಲೆಯ ಮುಂದಿನ ಕೋಡು ಕತ್ತರಿಸಿದಂತೆ ಮೇಲೆ ಚಪ್ಪಟೆಯಾಗಿತ್ತು, ಸುಮಾರು ಮೂರನೇ ಒಂದು ಭಾಗ ತಗ್ಗಿತ್ತು. ಬಾಲಕ್ಕೆ ಅವರು ಕೈ ಹಾಕಿರಲಿಲ್ಲ. ಹಾಗಾಗಿ ಹಿಂದಿನ ಜಿಗಿತ ಹಾಗೇ ಇತ್ತು. ಆಕಾರದ ಪರಿಣಾಮ ನೆಲದವರೆಗೂ ಬರುತ್ತದೆ ಅನ್ನುವುದು ಅಂದು ಸಾಬೀತಾಯಿತು.

ಎಕ್ಸ್-59 ವಿಮಾನದಲ್ಲಿ ಏನು ವಿಶೇಷ?

ಎಫ್-5ಇಯಲ್ಲಿ ಹಳೆಯ ವಿಮಾನಕ್ಕೆ ಮೂತಿ ಅಂಟಿಸಿದ್ದರು. ಎಕ್ಸ್-59ರಲ್ಲಿ ಮೂತಿಯಿಂದ ಬಾಲದವರೆಗೆ ಎಲ್ಲವನ್ನೂ ಸದ್ದಿಗಾಗಿಯೇ ರೂಪಿಸಿದ್ದಾರೆ. ನಾಸಾಗಾಗಿ ಲಾಕ್‌ಹೀಡ್ ಮಾರ್ಟಿನ್ ಕಟ್ಟಿದ್ದು. ಉದ್ದ 30 ಮೀಟರಿಗೆ ಸ್ವಲ್ಪ ಹೆಚ್ಚು, ರೆಕ್ಕೆಯ ಅಗಲ ಬರೀ 9 ಮೀಟರ್. ಉದ್ದದ ಮೂರನೇ ಒಂದು ಭಾಗ ಬರೀ ಮೂತಿ. ಕೂರುವುದು ಒಬ್ಬ ಪೈಲಟ್ ಮಾತ್ರ. 55,000 ಅಡಿ ಎತ್ತರದಲ್ಲಿ ಮ್ಯಾಕ್ 1.4, ಅಂದರೆ ಗಂಟೆಗೆ ಸುಮಾರು 1,490 ಕಿ.ಮೀ. ವೇಗ ಇದರ ಗುರಿ.

ಒಂದೊಂದು ಅಂಗವನ್ನೂ ಅಲೆಯ ಕಣ್ಣಿನಿಂದ ನೋಡಿ. ಪೈಲಟ್‌ನ ಮುಂದೆ ಗಾಜಿನ ಗುಬುಟು ಎದ್ದು ನಿಂತರೆ ಅಲ್ಲೊಂದು ಅಲೆ ಹುಟ್ಟುತ್ತದೆ. ಹಾಗಾಗಿ ಮುಂದಿನ ಕಿಟಕಿಯನ್ನೇ ತೆಗೆದರು. ಪೈಲಟ್ ಕ್ಯಾಮೆರಾ ಮತ್ತು ಪರದೆಯ ಮೂಲಕ ಮುಂದೆ ನೋಡುತ್ತಾರೆ. ಇಂಜಿನ್ ಕೆಳಗಿದ್ದರೆ ಅದರ ಬಾಯಿಂದ ಹೊರಡುವ ಅಲೆ ನೇರ ನೆಲಕ್ಕೆ ಬರುತ್ತದೆ. ಅದಕ್ಕೆ ಇಂಜಿನ್ನನ್ನು ಬೆನ್ನ ಮೇಲೆ ಕೂರಿಸಿದರು. ಅದರ ಅಲೆ ಹೆಚ್ಚಾಗಿ ಮೇಲಕ್ಕೆ ಹೋಗುತ್ತದೆ, ರೆಕ್ಕೆ ಅಡ್ಡ ನಿಲ್ಲುತ್ತದೆ. ಹೊಟ್ಟೆಯ ಭಾಗವನ್ನು ಆದಷ್ಟು ನುಣುಪಾಗಿ ಬಿಟ್ಟಿದ್ದಾರೆ. ಬಾಲದ ತುದಿಯಲ್ಲಿ ಮೇಲೊಂದು ಪುಟ್ಟ ರೆಕ್ಕೆ ಇದೆ. ಹಿಂದಿನ ಅಲೆಗಳು ಒಂದಾಗಿ ಸೇರದಂತೆ ನೋಡಿಕೊಳ್ಳುವ ಕೆಲಸ ಅದರದ್ದು. ಇಂಜಿನ್ ಜಿಇ ಕಂಪನಿಯ ಎಫ್414. ನಮ್ಮ ತೇಜಸ್ ಮಾರ್ಕ್-2ಕ್ಕೂ ಇದೇ ಕುಟುಂಬದ ಇಂಜಿನ್ ಆರಿಸಿದ್ದಾರೆ.

ಈಗ ಒಂದು ಲೆಕ್ಕ ಹಾಕೋಣ. ವಿಮಾನ ನಿಮ್ಮ ನೆತ್ತಿಯ ಮೇಲೆ 16.8 ಕಿ.ಮೀ. ಎತ್ತರದಲ್ಲಿ ದಾಟಿತು ಅನ್ನಿ. ಮ್ಯಾಕ್ 1.4ರಲ್ಲಿ ಅದು ಸೆಕೆಂಡಿಗೆ 413 ಮೀಟರ್ ಹೋಗುತ್ತದೆ. ನಿಮಗೆ ಸದ್ದು ಕೇಳುವುದು ಸುಮಾರು 35 ಸೆಕೆಂಡು ಬಿಟ್ಟು. ಅಷ್ಟರಲ್ಲಿ ವಿಮಾನ 15 ಕಿ.ಮೀ.ಯಷ್ಟು ಮುಂದೆ ಹೋಗಿರುತ್ತದೆ. ನೆಲದವರೆಗಿನ ಈ ಪ್ರಯಾಣದಲ್ಲಿ ಅಲೆಗಳು ಒಂದನ್ನೊಂದು ಹಿಡಿಯಬಾರದು. ವಿನ್ಯಾಸದ ಶ್ರಮವೆಲ್ಲ ಇದಕ್ಕೇ.

ಗುರಿ 75 ಡೆಸಿಬೆಲ್. ಇದು ಕಿವಿಗೆ ಎಷ್ಟು ಜೋರು ಅನ್ನಿಸುತ್ತದೆ ಎಂಬುದನ್ನು ಅಳೆಯುವ ವಿಶೇಷ ಅಳತೆ. ಅದೇ ಅಳತೆಯಲ್ಲಿ ಕಾಂಕಾರ್ಡ್ ಸುಮಾರು 105. ಕಿವಿಯ ಲೆಕ್ಕದಲ್ಲಿ ಹತ್ತನೇ ಒಂದು ಭಾಗಕ್ಕೆ ಇಳಿದಂತೆ. ಬೀದಿಯ ಆಚೆ ಬದಿ ಯಾರೋ ಕಾರಿನ ಬಾಗಿಲು ಹಾಕಿದ ಹಾಗೆ "ಧಪ್" ಎಂದು ಕೇಳಬೇಕು ಅನ್ನುವುದು ಆಸೆ. 2025ರ ಅಕ್ಟೋಬರ್ 28ರಂದು ಎಕ್ಸ್-59 ಪಾಮ್‌ಡೇಲ್‌ನಿಂದ ಹೊರಟು ಎಡ್ವರ್ಡ್ಸ್‌ನಲ್ಲಿ ಇಳಿಯಿತು. ಅದು ಮೊದಲ ಹಾರಾಟ. ಚಕ್ರಗಳನ್ನು ಇಳಿಸಿಕೊಂಡೇ, ಶಬ್ದಕ್ಕಿಂತ ಬಹಳ ಕಡಿಮೆ ವೇಗದಲ್ಲಿ ಹಾರಿದರು. ಹೊಸ ವಿಮಾನವನ್ನು ಹೀಗೇ ಮೆಲ್ಲಗೆ ಪರೀಕ್ಷಿಸುವುದು ಪದ್ಧತಿ.

ಎಲ್ಲಿ ಎಡವಬಹುದು?

ಆಕಾರವನ್ನು ಒಂದು ನಿರ್ದಿಷ್ಟ ವೇಗ, ಎತ್ತರ, ತೂಕಕ್ಕೆ ಲೆಕ್ಕ ಹಾಕಿರುತ್ತಾರೆ. ನೇರ, ಸಮನಾದ ಹಾರಾಟದಲ್ಲಿ ಅದು ಕೆಲಸ ಮಾಡುತ್ತದೆ. ವಿಮಾನ ವೇಗ ಹೆಚ್ಚಿಸುವಾಗ, ತಿರುಗುವಾಗ ಬೇರೆ ಕಥೆ. ಬೇರೆ ಬೇರೆ ಹೊತ್ತಿನಲ್ಲಿ ಹೊರಟ ಅಲೆಗಳು ನೆಲದ ಒಂದೇ ಜಾಗಕ್ಕೆ ಒಟ್ಟಿಗೆ ಬಂದು ಬೀಳಬಹುದು, ಭೂತಗನ್ನಡಿ ಬಿಸಿಲನ್ನು ಕೂಡಿಸಿದ ಹಾಗೆ. ಅಲ್ಲಿ ಸದ್ದು ಎರಡರಿಂದ ಐದು ಪಟ್ಟು ಹೆಚ್ಚಬಹುದು. ಎಷ್ಟೇ ಮೆತ್ತಗಿನ ವಿಮಾನವಾದರೂ ಶಬ್ದದ ವೇಗ ಮೀರಿ ಓಟ ಹೆಚ್ಚಿಸುವ ಆ ಒಂದು ಹಂತ ಇದ್ದೇ ಇರುತ್ತದೆ. ಅದನ್ನು ಸಮುದ್ರದ ಮೇಲೋ ಜನರಿಲ್ಲದ ಕಡೆಯೋ ಮುಗಿಸಬೇಕು.

ನೆಲದ ಹತ್ತಿರದ ಒಂದೆರಡು ಕಿಲೋಮೀಟರ್ ಗಾಳಿ ಬಿಸಿಲಿಗೆ ಕುದಿಯುತ್ತಿರುತ್ತದೆ. ಅದು ಅಲೆಯನ್ನು ಒಮ್ಮೆ ಮೆತ್ತಗೆ ಮಾಡುತ್ತದೆ, ಒಮ್ಮೆ ಚೂಪು ಮಾಡುತ್ತದೆ. ಒಂದೇ ಹಾರಾಟ, ಇನ್ನೂರು ಮೀಟರ್ ಅಂತರದ ಎರಡು ಮೈಕ್ರೋಫೋನುಗಳಲ್ಲಿ ಬೇರೆ ಬೇರೆ ಸದ್ದು.

ನನಗೆ ಹೆಚ್ಚು ಚಿಂತೆ ಇರುವುದು ಮನೆಯ ಒಳಗಿನ ಬಗ್ಗೆ. ಆಕಾರ ಮೆತ್ತಗೆ ಮಾಡುವುದು ಥಟ್ಟನೆಯ ಏರಿಕೆಯನ್ನು. ಒತ್ತಡ ನಿಧಾನವಾಗಿ ಏರಿ ಇಳಿಯುವ ದೊಡ್ಡ ಅಲೆ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಕಿವಿಗೆ ಅದು ಕೇಳದು, ಆದರೆ ಗೋಡೆ, ಬಾಗಿಲು, ಶೆಲ್ಫಿನ ಪಾತ್ರೆಗಳಿಗೆ ತಿಳಿಯುತ್ತದೆ. ಹೊರಗೆ ನಿಂತವರಿಗೆ ಏನೂ ಕೇಳದೆ, ಒಳಗೆ ಕೂತವರಿಗೆ ಕಿಟಕಿ ಗಡಗಡ ಅನ್ನಬಹುದು.

ಸದ್ದು ಸಹಿಸುವಂಥದ್ದು ಎಂದು ತೀರ್ಮಾನಿಸುವುದು ಯಾರು, ಹೇಗೆ?

ಯಂತ್ರ ಅಳೆಯುತ್ತದೆ, ಸಹಿಸಬೇಕಾದವರು ಜನ. 2018ರ ನವೆಂಬರಿನಲ್ಲಿ ನಾಸಾ ಟೆಕ್ಸಾಸಿನ ಗ್ಯಾಲ್ವೆಸ್ಟನ್ ಊರಿನಲ್ಲಿ ಇದರ ಪೂರ್ವತಯಾರಿ ಮಾಡಿತು. ಎಕ್ಸ್-59 ಇನ್ನೂ ಇರಲಿಲ್ಲ. ಸಾಮಾನ್ಯ ಎಫ್/ಎ-18 ವಿಮಾನವನ್ನು ಸಮುದ್ರದ ಮೇಲೆ ಎತ್ತರದಿಂದ ಒಂದು ವಿಶೇಷ ರೀತಿಯಲ್ಲಿ ಧುಮುಕಿಸಿದರು. ಜೋರಿನ ಬೂಮ್ ಸಮುದ್ರಕ್ಕೆ ಬಿತ್ತು, ಊರಿಗೆ ತಲುಪಿದ್ದು ಮೆತ್ತಗಿನ ಸದ್ದು ಮಾತ್ರ. ಮೊದಲೇ ಒಪ್ಪಿಕೊಂಡಿದ್ದ ಸುಮಾರು ಐನೂರು ಜನ ತಮಗೆ ಕೇಳಿಸಿತಾ, ಕಿರಿಕಿರಿ ಆಯಿತಾ ಎಂದು ಉತ್ತರ ಕೊಟ್ಟರು. ಎಕ್ಸ್-59 ಸಿದ್ಧವಾದ ಮೇಲೆ ಬೇರೆ ಬೇರೆ ಊರುಗಳ ಮೇಲೆ ಹಾರಿಸಿ ಇದೇ ಪ್ರಶ್ನೆ ಕೇಳಿ, ಉತ್ತರಗಳನ್ನು ನಿಯಮ ಮಾಡುವವರಿಗೆ ಕೊಡುವುದು ಯೋಜನೆ.

ದೊಡ್ಡ ಪ್ರಯಾಣಿಕ ವಿಮಾನವನ್ನೂ ಹೀಗೇ ಮೆತ್ತಗೆ ಮಾಡಬಹುದಾ?

ಕಷ್ಟ. ಆಕಾರ ಎಷ್ಟೇ ನಯವಾಗಿದ್ದರೂ ವಿಮಾನದ ತೂಕವನ್ನು ಗಾಳಿ ಹೊರಲೇಬೇಕು. ಆ ಹೊರುವಿಕೆಯೂ ಒತ್ತಡದ ಅಲೆಯೇ. ಎಕ್ಸ್-59ರ ತೂಕ ತುಂಬಿದಾಗಲೂ 15 ಟನ್ನಿನೊಳಗೆ. ಕಾಂಕಾರ್ಡ್ ಹೊರಡುವಾಗ 185 ಟನ್. ಹನ್ನೆರಡು ಪಟ್ಟು ಭಾರ, ಆದರೆ ಉದ್ದ ಎರಡೇ ಪಟ್ಟು. ಅಷ್ಟು ಭಾರವನ್ನು ಮೆತ್ತಗೆ ಹರಡಲು ಬೇಕಾದಷ್ಟು ಉದ್ದದ ವಿಮಾನ ಕಟ್ಟಿದರೆ ಅದು ನಿಲ್ದಾಣದಲ್ಲಿ ನಿಲ್ಲುವುದು ಹೇಗೆ, ಬಾಗದೆ ಇರುವುದು ಹೇಗೆ ಎಂಬ ಹೊಸ ಪ್ರಶ್ನೆಗಳು ಏಳುತ್ತವೆ. ಹಗುರವಾದ, ಕಡಿಮೆ ಜನ ಕೂರುವ ವಿಮಾನಗಳಿಗೆ ಈ ವಿದ್ಯೆ ಮೊದಲು ಸಿಗಬಹುದು ಎಂದು ನನಗೆ ಅನ್ನಿಸುತ್ತದೆ.

ಬೆಂಗಳೂರಿನಲ್ಲಿ ಇನ್ನೊಮ್ಮೆ ಕೇಳಿದರೆ ಗುರುತಿಸುವುದು ಹೇಗೆ?

ಯುದ್ಧವಿಮಾನಗಳ ಆಕಾರವನ್ನು ಸದ್ದಿಗಾಗಿ ಯಾರೂ ಬದಲಿಸುವುದಿಲ್ಲ, ಹಾಗಾಗಿ ಇಲ್ಲಿ ಮತ್ತೆ ಕೇಳಬಹುದು. ಬೂಮ್ ಗಾಳಿಯಲ್ಲಿ ಬರುತ್ತದೆ. ಮೊದಲು ಅದುರುವುದು ಕಿಟಕಿ ಗಾಜು, ಬಾಗಿಲು, ತಗಡಿನ ಮಾಡು. ಒಂದು ಸೆಕೆಂಡಿನೊಳಗೆ ಎಲ್ಲ ಮುಗಿಯುತ್ತದೆ. ಭೂಕಂಪದಲ್ಲಿ ನಿಮ್ಮ ಕಾಲ ಕೆಳಗಿನ ನೆಲವೇ ಅಲುಗುತ್ತದೆ, ತೂಗುಹಾಕಿದ ದೀಪ ತೂಗಾಡುತ್ತದೆ, ಹಲವು ಸೆಕೆಂಡು ಇರುತ್ತದೆ. ಇನ್ನೊಂದು ಸುಲಭದ ದಾರಿ: ಕೇಳಿದ ಸಮಯವನ್ನು ಸೆಕೆಂಡಿನವರೆಗೆ ಬರೆದಿಟ್ಟುಕೊಂಡು ಊರಿನ ಇನ್ನೊಂದು ತುದಿಯ ಗೆಳೆಯರನ್ನು ಕೇಳಿ. ವೈಟ್‌ಫೀಲ್ಡ್‌ನಿಂದ ಕೆಂಗೇರಿಗೆ ನೇರ ದೂರ ಮೂವತ್ತು ಕಿಲೋಮೀಟರಿನ ಹತ್ತಿರ. ಭೂಮಿಯೊಳಗಿನ ಅಲೆ ಅಷ್ಟು ದೂರವನ್ನು ಕೆಲವೇ ಸೆಕೆಂಡಿನಲ್ಲಿ ದಾಟುತ್ತದೆ. ಬೂಮ್ ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗಿ ಬಂದಿದ್ದರೆ ನಿಮ್ಮ ಮತ್ತು ಅವರ ಗಡಿಯಾರದ ನಡುವೆ ಒಂದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವೂ ಇರಬಹುದು.